ಹಾಡು ಹಚ್ಚಿದವರು ಯಾರು?

ಕಬ್ಬಿನ ಹಂಗಾಮಿನಲ್ಲಿ ಮುಧೋಳದ ರಸ್ತೆಯ ಬದಿಗೆ ಅರ್ಧ ಗಂಟೆ ನಿಂತರೆ ಸಾಕು, ಕಾಸು ಖರ್ಚಿಲ್ಲದೆ ಹತ್ತು ಹಾಡು ಕೇಳಬಹುದು. ಕಬ್ಬು ಹೇರಿದ ಟ್ರ್ಯಾಕ್ಟರು ದೂರದಲ್ಲಿರುವಾಗಲೇ ಅದರ ಹಾಡು ಮುಂದೆ ಬಂದಿರುತ್ತದೆ, ಗಾಡಿ ಕಾರ್ಖಾನೆಯ ಕಡೆ ತಿರುಗಿದ ಮೇಲೂ ಒಂದಷ್ಟು ಹೊತ್ತು ಹಿಂದೆ ಉಳಿದಿರುತ್ತದೆ. ಜಮಖಂಡಿಯ ಬಸ್ಸಿಗೆ ಕಾಯುತ್ತ ನಿಂತ ಒಬ್ಬ ಬಿ.ಎ. ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಅವಳ ಕಿವಿಗೆ ಈ ಹತ್ತೂ ಹಾಡು ಬಿದ್ದಿವೆ. ಅವುಗಳಲ್ಲಿ ಎರಡು ಅವಳಿಗೆ ಬಾಯಿಪಾಠವಾಗಿಯೂ ಇವೆ. ಕಾಲೇಜಿಗೆ ಹೋದ ಮೇಲೆ ಯಾರೋ ಒಂದು ಪ್ರಶ್ನೆಪತ್ರಿಕೆ ಕೊಡುತ್ತಾರೆ: ‘ನೀವು ದಿನಕ್ಕೆ ಎಷ್ಟು ಹೊತ್ತು ಸಂಗೀತ ಕೇಳುತ್ತೀರಿ?’ ಅವಳು ‘ಅರ್ಧ ತಾಸು’ ಎಂದು ಬರೆಯುತ್ತಾಳೆ. ರಾತ್ರಿ ಅಣ್ಣನ ಫೋನು ಕೈಗೆ ಸಿಕ್ಕಾಗ ಕೇಳುವ ನಾಲ್ಕೈದು ಹಾಡು ಅವಳ ಮನಸ್ಸಿನಲ್ಲಿದ್ದವು. ಟ್ರ್ಯಾಕ್ಟರಿನದು ಲೆಕ್ಕಕ್ಕೆ ಬರಲಿಲ್ಲ. ಬಸ್ಸಿನ ಡ್ರೈವರನದೂ ಬರಲಿಲ್ಲ, ಓಣಿಯ ಗುಡಿಯ ಮೈಕಿನದೂ ಬರಲಿಲ್ಲ.

ಅವಳು ಸುಳ್ಳು ಬರೆಯಲಿಲ್ಲ, ಪ್ರಶ್ನೆಯೇ ಸಡಿಲವಾಗಿತ್ತು. ಕನ್ನಡದಲ್ಲಿ ‘ಕೇಳುವುದು’ ಎಂಬ ಒಂದೇ ಮಾತಿನಲ್ಲಿ ಕಿವಿಗೆ ಬೀಳುವುದೂ ಇದೆ, ಕಿವಿಗೊಡುವುದೂ ಇದೆ, ಪ್ರಶ್ನೆ ಹಾಕುವುದೂ ಇದೆ. ಆದರೆ ಈ ಸೀಮೆಯ ಆಡುಮಾತಿನಲ್ಲಿ ಇನ್ನೊಂದು ಮಾತಿದೆ: ಹಾಡು ‘ಹಚ್ಚುವುದು’. ದೀಪ ಹಚ್ಚಿದ ಹಾಗೆ ಹಾಡನ್ನೂ ಹಚ್ಚುತ್ತಾರೆ. ‘ಯಾಂವ ಹಚ್ಚ್ಯಾನೋ ಹಾಡಾ?’ ಎಂದು ಬೇಸರದಿಂದಲೂ ಕೇಳುತ್ತಾರೆ, ಮೆಚ್ಚಿಕೆಯಿಂದಲೂ ಕೇಳುತ್ತಾರೆ. ಕೇಳಿದವರು ಒಬ್ಬರು, ಹಚ್ಚಿದವರು ಇನ್ನೊಬ್ಬರು ಎಂಬ ವ್ಯತ್ಯಾಸ ಈ ಕ್ರಿಯಾಪದದಲ್ಲೇ ಇದೆ. ಸಮೀಕ್ಷೆ ಮಾಡುವವರಿಗೆ ಇದಕ್ಕಿಂತ ಹರಿತವಾದ ಸಾಧನ ಯಾವ ಪಠ್ಯಪುಸ್ತಕದಲ್ಲೂ ಸಿಗಲಾರದು.

ಈ ಅಧ್ಯಾಯದಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಹಾಡು ಕೇಳುವ ರೂಢಿಯ ಬಗ್ಗೆ ಒಂದು ಸಮೀಕ್ಷೆಯನ್ನು ಕಾಗದದ ಮೇಲೆ ಕಟ್ಟೋಣ. ಮುಂದೆ ಬರುವ ವಿದ್ಯಾರ್ಥಿ ಸಂಖ್ಯೆಗಳೂ ಶೇಕಡಾವಾರುಗಳೂ ಲೆಕ್ಕ ತೋರಿಸಲು ನಾನು ಹಾಕಿಕೊಂಡವು, ಯಾವ ವರದಿಯಿಂದಲೂ ತೆಗೆದವಲ್ಲ. ಪ್ರಶ್ನೆಯನ್ನು ಮೊದಲೇ ಬಿಗಿ ಮಾಡಿಕೊಳ್ಳೋಣ: ಈ ನಾಲ್ಕು ತಾಲೂಕುಗಳಲ್ಲಿರುವ ಕಾಲೇಜುಗಳ ವಿದ್ಯಾರ್ಥಿಗಳು ನಿನ್ನೆ, ಅಂದರೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ, ಯಾವ ಹಾಡು ಕೇಳಿದರು, ಎಲ್ಲಿ ಕೇಳಿದರು, ಅದನ್ನು ಹಚ್ಚಿದವರು ಯಾರು?

‘ಸಾಮಾನ್ಯವಾಗಿ’ ಎನ್ನದೆ ‘ನಿನ್ನೆ’ ಎಂದಿರುವುದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಎಷ್ಟು ಹೊತ್ತು ಎಂದರೆ ಯಾರೂ ನೆನಪು ಮಾಡಿಕೊಳ್ಳುವುದಿಲ್ಲ, ಅಂದಾಜು ಕಟ್ಟುತ್ತಾರೆ. ಜನ ತಾವೇ ಹೇಳುವ ಫೋನ್ ಮತ್ತು ಮಾಧ್ಯಮ ಬಳಕೆಯನ್ನು ಯಂತ್ರದಲ್ಲಿ ದಾಖಲಾದ ಬಳಕೆಯ ಜೊತೆ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2021ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಎರಡರ ನಡುವಿನ ಸಹಸಂಬಂಧ ಬರೀ 0.38. ಪೂರ್ತಿ ತಾಳೆಯಾಗಿದ್ದರೆ ಅದು 1 ಇರಬೇಕಿತ್ತು. ನಿನ್ನೆಯ ದಿನವನ್ನು ಬೆಳಿಗ್ಗೆ, ಬಸ್ಸು, ಕಾಲೇಜು, ಸಂಜೆ, ಕೆಲಸ, ರಾತ್ರಿ ಎಂದು ಹೆಜ್ಜೆ ಹೆಜ್ಜೆಯಾಗಿ ನಡೆಸಿಕೊಂಡು ಹೋದರೆ ತಪ್ಪು ಕಡಿಮೆಯಾಗುತ್ತದೆ. ಒಬ್ಬನ ನಿನ್ನೆ ವಿಚಿತ್ರವಾಗಿದ್ದಿರಬಹುದು, ಮನೆಯಲ್ಲಿ ಮದುವೆಯೇ ಇದ್ದಿರಬಹುದು. ಅದಕ್ಕೆ ಚಿಂತೆಯಿಲ್ಲ. ಐದುನೂರು ಜನರ ಐದುನೂರು ನಿನ್ನೆಗಳನ್ನು ವಾರದ ಏಳೂ ದಿನಗಳಿಗೆ ಹರಡಿ ಹಿಡಿದರೆ ಒಬ್ಬೊಬ್ಬರ ವಿಚಿತ್ರ ಸರಾಸರಿಯಲ್ಲಿ ಕರಗುತ್ತದೆ.

ಇನ್ನು, ಯಾರನ್ನು ಕೇಳಬೇಕು?

ಈ ಪ್ರಶ್ನೆಗೆ ಇಂದಿನ ಸುಲಭ ಉತ್ತರ ವಾಟ್ಸಾಪ್. ಗೂಗಲ್ ಫಾರ್ಮ್ ಒಂದನ್ನು ತಯಾರಿಸಿ ಕಾಲೇಜಿನ ಗುಂಪುಗಳಿಗೆ ಬಿಟ್ಟರೆ ಎರಡು ದಿನದಲ್ಲಿ ನಾನೂರು ಉತ್ತರ ಬರುತ್ತವೆ. ಬಣ್ಣದ ವೃತ್ತಚಿತ್ರಗಳನ್ನು ಅದೇ ಬರೆದುಕೊಡುತ್ತದೆ. ನಾನೂರು ಎಂಬ ಅಂಕಿಗೆ ಒಂದು ಮರ್ಯಾದೆಯೂ ಇದೆ: ಶೇಕಡಾ 5ರಷ್ಟು ಹೆಚ್ಚುಕಡಿಮೆಯೊಳಗೆ ಉತ್ತರ ಬೇಕಾದರೆ 384 ಜನ ಸಾಕು ಎಂದು ಸಂಖ್ಯಾಶಾಸ್ತ್ರದ ಪುಸ್ತಕ ಹೇಳುತ್ತದೆ. ಆ 384ರ ಹಿಂದೆ ಒಂದು ಷರತ್ತಿದೆ, ಅದನ್ನು ಹೆಚ್ಚಿನವರು ಓದಿರುವುದಿಲ್ಲ. ಪ್ರತಿ ವಿದ್ಯಾರ್ಥಿಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟೆಂದು ನಮಗೆ ಗೊತ್ತಿರಬೇಕು. ವಾಟ್ಸಾಪ್ ಗುಂಪಿನಲ್ಲಿ ತಾನಾಗಿ ಫಾರ್ಮ್ ತುಂಬಿದವನು ನಾವು ಆರಿಸಿದವನಲ್ಲ. ಅವನ ಕೈಯಲ್ಲಿ ಸ್ವಂತ ಫೋನಿತ್ತು, ಡೇಟಾ ಇತ್ತು, ಬಿಡುವಿತ್ತು, ಮುಖ್ಯವಾಗಿ ಹಾಡಿನ ಬಗ್ಗೆ ಹೇಳುವ ಹುಮ್ಮಸ್ಸಿತ್ತು. ಹಾಡು ಕೇಳುವುದರ ಸಮೀಕ್ಷೆಗೆ ಹಾಡಿನ ಹುಚ್ಚಿರುವವರೇ ಓಡಿಬಂದರೆ ತಕ್ಕಡಿ ಮೊದಲೇ ವಾಲಿರುತ್ತದೆ. ನಾನೂರರ ಬದಲು ನಾಲ್ಕು ಸಾವಿರ ಉತ್ತರ ಬಂದರೂ ತಕ್ಕಡಿ ನೆಟ್ಟಗಾಗುವುದಿಲ್ಲ, ಅದೇ ತಪ್ಪನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತೇವೆ, ಅಷ್ಟೇ.

ಹಾಗಾದರೆ ಪಟ್ಟಿ ಬೇಕು. ಪಟ್ಟಿ ಮಾಡಲು ಹೊರಟಾಗಲೇ ‘ವಿಶ್ವವಿದ್ಯಾಲಯ ವಿದ್ಯಾರ್ಥಿ’ ಎಂಬ ಮಾತು ಎಷ್ಟು ಜಾರುತ್ತದೆ ಎಂದು ತಿಳಿಯುವುದು. ಜಮಖಂಡಿಯಲ್ಲಿ ಕೇಂದ್ರವಿರುವ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಅದಕ್ಕೆ ಮೊದಲು ಈ ಭಾಗದ ಪದವಿ ಕಾಲೇಜುಗಳು 2010ರಲ್ಲಿ ಹುಟ್ಟಿದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗಿದ್ದವು, ಅದಕ್ಕೂ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ. ಹಳೆಯ ಪಟ್ಟಿ ಹಿಡಿದು ಹೊರಟರೆ ಕಾಲೇಜು ಅಲ್ಲೇ ಇರುತ್ತದೆ, ಹೆಸರಿನ ಕೆಳಗಿನ ವಿಶ್ವವಿದ್ಯಾಲಯ ಮಾತ್ರ ಬೇರೆಯಾಗಿರುತ್ತದೆ. ಸರಿ, ಹೊಸ ವಿಶ್ವವಿದ್ಯಾಲಯದ ಪಟ್ಟಿಯನ್ನೇ ತರಿಸಿಕೊಂಡೆವು ಎನ್ನಿ. ಮಹಿಳಾ ಕಾಲೇಜುಗಳು ಅದರಲ್ಲಿ ಕಾಣದೆ ಹೋಗಬಹುದು, ಏಕೆಂದರೆ ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳಿಗೆಂದೇ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ನರ್ಸಿಂಗ್, ಆಯುರ್ವೇದ ಓದುವವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರು, ಕಾನೂನು ಓದುವವರು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದವರು.

ಒಂದೇ ವಿಶ್ವವಿದ್ಯಾಲಯದ ಪಟ್ಟಿಯನ್ನು ನಂಬಿದರೆ ತಪ್ಪಿಹೋಗುವವರು ಯಾರೋ ಯಾದೃಚ್ಛಿಕ ವಿದ್ಯಾರ್ಥಿಗಳಲ್ಲ ಎನ್ನುವುದನ್ನು ಗಮನಿಸಿ. ಹೆಣ್ಣುಮಕ್ಕಳ ಒಂದು ದೊಡ್ಡ ಗುಂಪೇ ಇಡಿಯಾಗಿ ಹೊರಗೆ ಉಳಿಯುತ್ತದೆ. ಆ ಗುಂಪಿಗೂ ಅಣ್ಣನ ಫೋನಿಗೂ ಸಂಬಂಧವಿದೆ ಎಂದ ಮೇಲೆ ನಾವು ತಿಳಿಯಬೇಕೆಂದಿದ್ದ ವಿಷಯವೇ ಕೈತಪ್ಪಿದಂತೆ.

ತಾಲೂಕಿನ ಗಡಿಯದೂ ಇದೇ ಕಥೆ. 2011ರ ಜನಗಣತಿಯಲ್ಲಿ ರಬಕವಿ-ಬನಹಟ್ಟಿ ಎಂಬ ತಾಲೂಕೇ ಇಲ್ಲ. ಆ ಊರು ಆಗ ಜಮಖಂಡಿ ತಾಲೂಕಿನಲ್ಲಿತ್ತು, ಮಹಾಲಿಂಗಪುರ ಮುಧೋಳದಲ್ಲಿತ್ತು. ಎರಡು ಕಾಲದ ಪಟ್ಟಿಗಳನ್ನು ಸೇರಿಸಿದರೆ ಒಂದೇ ಕಾಲೇಜು ಎರಡು ಸಲ ಬರುತ್ತದೆ, ಇನ್ನೊಂದು ಒಂದು ಸಲವೂ ಬರುವುದಿಲ್ಲ. ಹಾಗಾಗಿ ಕೇಂದ್ರ ಸರ್ಕಾರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಕಾಲೇಜು ಪಟ್ಟಿಯಿಂದ ಶುರುಮಾಡಿ, ಬಾಗಲಕೋಟೆ ಜಿಲ್ಲೆಯ ಹೆಸರುಗಳನ್ನಷ್ಟೇ ಇಟ್ಟುಕೊಂಡು, ಒಂದೊಂದನ್ನೂ ಊರಿನ ಹೆಸರಿನಿಂದ ಗುರುತಿಸುವುದು ವಾಸಿ. ಆಮೇಲೆ ಪ್ರತಿ ಕಾಲೇಜಿಗೂ ಫೋನು ಮಾಡಿ ತರಗತಿವಾರು ಹಾಜರಿ ಪುಸ್ತಕದಲ್ಲಿರುವ ಹೆಸರುಗಳ ಸಂಖ್ಯೆ ಬರೆದುಕೊಳ್ಳಬೇಕು. ಬೇಸರದ ಕೆಲಸ, ಒಂದು ವಾರ ಹಿಡಿಯುತ್ತದೆ. ಆದರೆ ಸಮೀಕ್ಷೆ ನಿಲ್ಲುವುದೂ ಬೀಳುವುದೂ ಈ ವಾರದಲ್ಲೇ ಎಂಬುದು ನನ್ನ ಅಭಿಪ್ರಾಯ.

ಪಟ್ಟಿ ಕೈಗೆ ಬಂತು, ಒಟ್ಟು 11,200 ಹೆಸರು ಎಂದಿಟ್ಟುಕೊಳ್ಳೋಣ. ಚದುರಿದ ಹೆಸರುಗಳನ್ನು ಎತ್ತಿ ಒಬ್ಬೊಬ್ಬರನ್ನೇ ಹುಡುಕುತ್ತ ಬೀಳಗಿಯಿಂದ ರಬಕವಿಯ ತನಕ ಅಲೆಯುವುದು ಕಷ್ಟ. ಅದಕ್ಕೇ ಎಲ್ಲರೂ ತರಗತಿಗಳನ್ನು ಆರಿಸುತ್ತಾರೆ: ಹತ್ತು ತರಗತಿ, ಒಂದೊಂದರಲ್ಲಿ ಕೂತ ನಲವತ್ತೂ ಜನರಿಗೆ ಕಾಗದ ಹಂಚು, ನಾನೂರು ಆಯಿತು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಅದು ನಿಜವಾಗುವುದು ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ. ಇಲ್ಲಿ ಒಂದೊಂದು ತರಗತಿಯೂ ಒಂದೊಂದು ಪಾತ್ರೆ. ಒಂದೇ ಬೆಂಚಿನವರು ಒಂದೇ ಹಾಡನ್ನು ಫೋನಿನಿಂದ ಫೋನಿಗೆ ಕಳಿಸುತ್ತಾರೆ, ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ಗ್ಯಾದರಿಂಗ್‌ನಲ್ಲಿ ಕುಣಿಯುತ್ತಾರೆ. ಆದ್ದರಿಂದ ಒಂದು ತರಗತಿಯ ನಲವತ್ತನೆಯ ವಿದ್ಯಾರ್ಥಿ ಹೊಸದಾಗಿ ಹೇಳುವುದು ಬಹಳ ಕಡಿಮೆ. ಈ ಹೋಲಿಕೆಯನ್ನು ಅಳೆಯಲು ಸಂಖ್ಯಾಶಾಸ್ತ್ರದಲ್ಲಿ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿಯಿದೆ. ತರಗತಿಯವರ ನಡುವೆ ಹೋಲಿಕೆಯೇ ಇಲ್ಲದಿದ್ದರೆ ಸೊನ್ನೆ, ಎಲ್ಲರೂ ಒಂದೇ ಉತ್ತರ ಕೊಟ್ಟರೆ ಒಂದು. ನಮ್ಮದು 0.05 ಎಂದಿಟ್ಟುಕೊಳ್ಳೋಣ, ಹೋಲಿಕೆ ತೀರ ಸಣ್ಣದೇ. ಸಮೀಕ್ಷೆಯ ಬಲ ಎಷ್ಟು ಪಟ್ಟು ತಗ್ಗುತ್ತದೆ ಎಂದು ತಿಳಿಯಲು, ಒಂದು ತರಗತಿಯಲ್ಲಿ ಕೇಳಿದವರ ಸಂಖ್ಯೆಯಿಂದ ಒಂದನ್ನು ಕಳೆದು, ಅದನ್ನು 0.05ರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ನಲವತ್ತು ಜನರಾದರೆ 39ನ್ನು 0.05ರಿಂದ ಗುಣಿಸಿದರೆ 1.95, ಒಂದು ಕೂಡಿಸಿದರೆ 2.95. ನಾನೂರನ್ನು 2.95ರಿಂದ ಭಾಗಿಸಿ ನೋಡಿ: ಸುಮಾರು 136. ನಾನೂರು ಕಾಗದ ತುಂಬಿಸಿದ್ದೇವೆ, ನಿಜವಾಗಿ ಕೇಳಿದ್ದು 136 ಜನರನ್ನು.

ಅದೇ ಲೆಕ್ಕವನ್ನು ತರಗತಿಗೆ ಹತ್ತೇ ಜನ ಎಂದು ಮಾಡಿದರೆ 1.45 ಬರುತ್ತದೆ. 384 ಜನರ ಬಲ ಬೇಕಾದರೆ 557 ಜನರನ್ನು ಕೇಳಬೇಕು, ಅಂದರೆ 56 ತರಗತಿ, ಒಂದೊಂದರಲ್ಲಿ ಹತ್ತು ಹೆಸರು, ಒಟ್ಟು 560. ತಿರುಗಾಟ ಹೆಚ್ಚು, ಆದರೆ ಪ್ರತಿಯೊಂದು ಉತ್ತರಕ್ಕೂ ಬೆಲೆ ಇದೆ. ನಾಲ್ಕು ಜನ ಸಂದರ್ಶಕರು ದಿನಕ್ಕೆ ಆರಾರು ಜನರನ್ನು ಮಾತಾಡಿಸಿದರೆ 24 ಕೆಲಸದ ದಿನಗಳಲ್ಲಿ ಮುಗಿಯುತ್ತದೆ.

ಆ 56 ತರಗತಿಗಳನ್ನು ಚೀಟಿ ಎತ್ತಿ ಆರಿಸಬಹುದಲ್ಲ? ಇಲ್ಲೊಂದು ಬಲೆ ಇದೆ. ಬಿ.ಎ. ಮೊದಲ ವರ್ಷದಲ್ಲಿ 120 ಜನ, ಎಂ.ಎಸ್ಸಿ.ಯಲ್ಲಿ 30 ಜನ ಎಂದರೆ, ತರಗತಿಗೊಂದು ಚೀಟಿ ಹಾಕಿ ಎರಡರಿಂದಲೂ ಹತ್ತತ್ತು ಜನರನ್ನು ತೆಗೆದಾಗ ಎಂ.ಎಸ್ಸಿ.ಯವನಿಗೆ ಮೂರರಲ್ಲೊಂದು ಅವಕಾಶ, ಬಿ.ಎ.ಯವನಿಗೆ ಹನ್ನೆರಡರಲ್ಲೊಂದು. ಸಣ್ಣ ತರಗತಿಯ ದನಿ ನಾಲ್ಕು ಪಟ್ಟು ಜೋರಾಗುತ್ತದೆ. ಪರಿಹಾರ ಸರಳ: ತರಗತಿಗೊಂದು ಚೀಟಿಯ ಬದಲು ವಿದ್ಯಾರ್ಥಿಗೊಂದು ಚೀಟಿ. ದೊಡ್ಡ ತರಗತಿ ನಾಲ್ಕು ಪಟ್ಟು ಸುಲಭವಾಗಿ ಆಯ್ಕೆಯಾಗುತ್ತದೆ, ಒಳಗೆ ಹೋದ ಮೇಲೆ ಅಲ್ಲಿನ ಒಬ್ಬನಿಗೆ ನಾಲ್ಕು ಪಟ್ಟು ಕಷ್ಟವಾಗುತ್ತದೆ, ಎರಡೂ ಹೊಡೆದುಹೋಗಿ ಎಲ್ಲರಿಗೂ ಒಂದೇ ಅವಕಾಶ ಉಳಿಯುತ್ತದೆ.

ಹನ್ನೊಂದು ಸಾವಿರ ಚೀಟಿ ಬರೆಯುವ ಅಗತ್ಯವಿಲ್ಲ. ತರಗತಿಗಳನ್ನು ತಾಲೂಕುವಾರು ಸಾಲಾಗಿ ಬರೆದು, ಪಕ್ಕದಲ್ಲಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಕೂಡಿಸುತ್ತ ಹೋಗಬೇಕು: 120, 150, 235, ಹೀಗೆ ಕೊನೆಗೆ 11,200. ಅದನ್ನು 56ರಿಂದ ಭಾಗಿಸಿದರೆ 200. ಒಂದರಿಂದ 200ರೊಳಗೆ ಯಾವುದಾದರೂ ಒಂದು ಅಂಕಿಯನ್ನು ಚೀಟಿಯಿಂದ ಎತ್ತಿ, 73 ಬಂತು ಎನ್ನಿ, ಆಮೇಲೆ 273, 473, 673 ಎಂದು ಇನ್ನೂರರ ಹೆಜ್ಜೆ ಹಾಕಬೇಕು. ಹೆಜ್ಜೆ ಯಾವ ತರಗತಿಯೊಳಗೆ ಬಿತ್ತೋ ಅದು ಆಯ್ಕೆ. ತಾಲೂಕುಗಳನ್ನು ಸಾಲಾಗಿ ಬರೆದಿದ್ದರಿಂದ ಪ್ರತಿ ತಾಲೂಕಿಗೂ ಅದರ ಪಾಲು ತಾನಾಗಿ ಸಿಗುತ್ತದೆ. ಬೀಳಗಿಯಲ್ಲಿ ಒಂದು ಸಾವಿರ ವಿದ್ಯಾರ್ಥಿಗಳಿದ್ದರೆ ಐದು ತರಗತಿ, ಐವತ್ತು ಜನ. ನಾಲ್ಕೂ ತಾಲೂಕು ಸೇರಿದ ಚಿತ್ರಕ್ಕೆ ಅಷ್ಟು ಸಾಕು. ಆದರೆ ‘ಬೀಳಗಿಯವರು ಹೀಗೆ, ಮುಧೋಳದವರು ಹಾಗೆ’ ಎಂದು ಹೋಲಿಸಲು ಐವತ್ತು ಸಾಲದು, ಅಲ್ಲಿ ಹೆಚ್ಚುಕಡಿಮೆ ಶೇಕಡಾ 17ರ ತನಕ ಹೋಗುತ್ತದೆ. ಪತ್ರಿಕೆಯವರು ಕೇಳುವುದೇ ಆ ಹೋಲಿಕೆಯನ್ನು. ಇಲ್ಲ ಎನ್ನಬೇಕು.

ಈಗ ಹತ್ತು ಹೆಸರು. ಇವನ್ನು ತರಗತಿಯಲ್ಲಿ ಕೂತವರಿಂದ ಆರಿಸಬಾರದು, ಹಾಜರಿ ಪುಸ್ತಕದಿಂದ ಆರಿಸಬೇಕು. ಈ ಎರಡರ ನಡುವಿನ ವ್ಯತ್ಯಾಸ ಬನಹಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ರಬಕವಿ-ಬನಹಟ್ಟಿ ನೇಕಾರರ ಊರು. ಮನೆಯಲ್ಲೇ ಪಾವರ್‌ಲೂಮ್ ಇರುವ ಹುಡುಗ ಸೀರೆಯ ಆರ್ಡರು ಇದ್ದ ದಿನ ಕಾಲೇಜಿಗೆ ಬರುವುದಿಲ್ಲ, ಕಂಡಿಕೆ ಸುತ್ತುವ ಕೆಲಸವಿದ್ದರೆ ಅವನ ತಂಗಿಯೂ ಬರುವುದಿಲ್ಲ. ಮುಧೋಳದ ಕಡೆ ಕಬ್ಬಿನ ಹಂಗಾಮಿನಲ್ಲಿ ಹೊಲದ ಕೆಲಸಕ್ಕೆ ನಿಂತವರಿರುತ್ತಾರೆ. ಇವರು ಹಾಡು ಕೇಳುವ ರೀತಿ ಬೆಂಚಿನ ಮೇಲೆ ಕೂತವರಂಥದ್ದಲ್ಲ. ಮಗ್ಗದ ಸದ್ದನ್ನು ಮೀರುವ ಹಾಗೆ ಸ್ಪೀಕರು ಹಚ್ಚಿಕೊಂಡೋ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೋ ಇಡೀ ಪಾಳಿ ಕೇಳಬಹುದು. ತರಗತಿಯಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ಅತಿ ಹೆಚ್ಚು ಹೊತ್ತು ಹಾಡಿನ ನಡುವೆ ಇರುವವರೇ ಬಿಟ್ಟುಹೋಗುತ್ತಾರೆ.

ಗೈರುಹಾಜರಾದ ಎಲ್ಲರ ಮನೆಗೂ ಹೋಗಲು ಹಣವೂ ಇಲ್ಲ, ದಿನವೂ ಇಲ್ಲ. ಇದಕ್ಕೆ 1946ರಲ್ಲಿ ಅಮೆರಿಕದ ಹ್ಯಾನ್ಸನ್ ಮತ್ತು ಹರ್ವಿಟ್ಜ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಒಂದು ಉಪಾಯ ಹೇಳಿದರು. ಸಿಗದವರಲ್ಲಿ ಎಲ್ಲರನ್ನೂ ಅರೆಬರೆಯಾಗಿ ಹುಡುಕುವ ಬದಲು, ಅವರಲ್ಲೇ ಕೆಲವರನ್ನು ಚೀಟಿ ಎತ್ತಿ ಆರಿಸಿ, ಅಷ್ಟು ಜನರನ್ನು ಮಾತ್ರ ಪಟ್ಟು ಹಿಡಿದು ಹುಡುಕಿರಿ ಎಂದು.

ನಮ್ಮ 560ರಲ್ಲಿ 400 ಜನ ಕಾಲೇಜಿನಲ್ಲೇ ಸಿಕ್ಕರು, 160 ಜನ ಸಿಗಲಿಲ್ಲ ಎನ್ನಿ. ಆ 160ರಲ್ಲಿ ನಾಲ್ಕಕ್ಕೊಬ್ಬರಂತೆ 40 ಹೆಸರು ಎತ್ತಿ, ಅವರ ಮನೆಗೆ, ಮಗ್ಗಕ್ಕೆ, ಹೊಲಕ್ಕೆ ಹೋಗಿ ಮಾತಾಡಿಸಿದೆವು. ‘ನಿನ್ನೆ ಕೆಲಸ ಮಾಡುತ್ತ ಹಾಡು ಕೇಳಿದಿರಾ?’ ಎಂಬ ಪ್ರಶ್ನೆಗೆ ಕಾಲೇಜಿನಲ್ಲಿ ಸಿಕ್ಕ 400ರಲ್ಲಿ 120 ಜನ ಹೌದೆಂದರು, ಅಂದರೆ ಶೇಕಡಾ 30. ಹುಡುಕಿಕೊಂಡು ಹೋದ 40ರಲ್ಲಿ 24 ಜನ ಹೌದೆಂದರು, ಶೇಕಡಾ 60. ಈ ನಲವತ್ತರಲ್ಲಿ ಒಬ್ಬೊಬ್ಬರೂ ಸಿಗದ ನಾಲ್ವರ ಪರವಾಗಿ ನಿಂತಿದ್ದಾರೆ, ಆದ್ದರಿಂದ 24ನ್ನು ನಾಲ್ಕರಿಂದ ಗುಣಿಸಬೇಕು: 96. ಅದಕ್ಕೆ 120 ಕೂಡಿಸಿದರೆ 216. 560ರಲ್ಲಿ 216 ಎಂದರೆ ಸುಮಾರು ಶೇಕಡಾ 39. ಕಾಲೇಜಿನ ಬಾಗಿಲಲ್ಲೇ ನಿಂತುಬಿಟ್ಟಿದ್ದರೆ 30 ಎಂದು ಬರೆದು, ಅದರ ಮುಂದೆ ‘ಹೆಚ್ಚುಕಡಿಮೆ 5’ ಎಂದು ಗಂಭೀರವಾಗಿ ಸೇರಿಸುತ್ತಿದ್ದೆವು. ಮನೆಗೆ ಹೋದರೂ ಹತ್ತು ಜನ ಸಿಗದೆ ಹೋದರೆ? ಆ ಹತ್ತು ಎಂಬ ಸಂಖ್ಯೆಯನ್ನು ವರದಿಯಲ್ಲಿ ಬರೆಯುವುದಷ್ಟೇ ದಾರಿ. ಬೇರೆ ಯಾರನ್ನೋ ಅವರ ಬದಲಿಗೆ ಕೂರಿಸುವ ಹಾಗಿಲ್ಲ. ‘ಅಂವ ಊರಾಗ ಇಲ್ರಿ, ಇಂವನ್ನ ಕೇಳ್ರಿ’ ಎಂದು ಪಕ್ಕದ ಮನೆಯ ಹುಡುಗನನ್ನು ಪ್ರೀತಿಯಿಂದ ಮುಂದೆ ತಳ್ಳುತ್ತಾರೆ. ನಮ್ಮ ಸಂದರ್ಶಕರಿಗೆ ಎದುರಾಗುವ ದೊಡ್ಡ ಆಮಿಷ ಇದೇ.

ಇಲ್ಲಿಯವರೆಗೆ ಯಾರನ್ನು ಕೇಳಬೇಕು ಎಂಬುದಾಯಿತು. ಸರಿಯಾದ ಮನುಷ್ಯನ ಮುಂದೆ ಕೂತು ತಪ್ಪು ಪ್ರಶ್ನೆ ಕೇಳಬಹುದು, ಈ ಸಮೀಕ್ಷೆಯಲ್ಲಿ ಆ ಅಪಾಯ ಒಂದು ಶಬ್ದದೊಳಗೆ ಅವಿತಿದೆ. ಆ ಶಬ್ದ ‘ಜಾನಪದ’.

ಪ್ರಶ್ನೆಪತ್ರಿಕೆ ಬರೆಯುವ ಅಧ್ಯಾಪಕರ ಮನಸ್ಸಿನಲ್ಲಿ ಜಾನಪದ ಎಂದರೆ ಡೊಳ್ಳಿನ ಪದ, ಚೌಡಕಿ ಪದ, ಮೊಹರಮ್ಮಿನ ರಿವಾಯತ್, ಬೀಸುವ ಹಾಡು, ಶ್ರೀಕೃಷ್ಣ ಪಾರಿಜಾತ. ಇಪ್ಪತ್ತರ ಹುಡುಗನ ಮನಸ್ಸಿನಲ್ಲಿ ಜಾನಪದ ಎಂದರೆ ಯೂಟ್ಯೂಬಿನಲ್ಲಿ ಬರುವ, ಈ ಸೀಮೆಯ ಆಡುಮಾತಿನಲ್ಲಿ ಬರೆದ, ಕೀಬೋರ್ಡು ಮತ್ತು ಡಿಜೆ ಬೀಟು ಹಾಕಿದ ಪ್ರೇಮದ ಹಾಡು. ಟ್ರ್ಯಾಕ್ಟರಿನ ಮೇಲೆ ಬರುವುದೂ ಹೆಚ್ಚಾಗಿ ಅದೇ. ‘ನಿಮಗೆ ಯಾವ ಸಂಗೀತ ಇಷ್ಟ?’ ಎಂಬ ಪ್ರಶ್ನೆಯ ಕೆಳಗೆ ಸಿನಿಮಾ, ಭಕ್ತಿ, ಶಾಸ್ತ್ರೀಯ, ಜಾನಪದ ಎಂದು ಚೌಕ ಹಾಕಿ ಕೊಟ್ಟರೆ ಅರ್ಧಕ್ಕರ್ಧ ಜನ ಜಾನಪದಕ್ಕೆ ಟಿಕ್ ಹಾಕಿಯಾರು. ‘ಯುವಜನರಲ್ಲಿ ಜಾನಪದ ಪ್ರೀತಿ ಜೀವಂತ’ ಎಂಬ ತಲೆಬರಹವೂ ಸಿದ್ಧವಾದೀತು. ಸಂಖ್ಯೆ ಸರಿ, ಮಾದರಿ ಸರಿ, ತೀರ್ಮಾನ ಮಾತ್ರ ಬೇರೆ ಯಾವುದೋ ಹಾಡಿನ ಬಗ್ಗೆ. ಡಿಜೆ ಹಾಡನ್ನು ಜಾನಪದ ಎನ್ನಬೇಕೇ ಬೇಡವೇ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಸಮೀಕ್ಷೆಯೂ ಹೋಗಬಾರದು. ಪ್ರಕಾರದ ಹೆಸರನ್ನೇ ಕೇಳದೆ, ನಿನ್ನೆ ಕೇಳಿದ ಒಂದು ಹಾಡಿನ ಮೊದಲ ಸಾಲು ಹೇಳಿರಿ ಎಂದು ಕೇಳಿ ಬರೆದುಕೊಳ್ಳಬೇಕು. ವಿಂಗಡಣೆಯನ್ನು ಆಮೇಲೆ ಇಬ್ಬರು ಬೇರೆ ಬೇರೆಯಾಗಿ ಕೂತು ಮಾಡಬೇಕು. ಇಬ್ಬರ ವಿಂಗಡಣೆ ಎಲ್ಲಿ ತಾಳೆಯಾಗಲಿಲ್ಲವೋ ಅಲ್ಲಿ ಅನುಮಾನ ಇದೆ ಎಂದರ್ಥ.

ಆದರೆ ಆ ಸಾಲನ್ನು ಅವರು ಹೇಳುತ್ತಾರೆಯೇ? ಡಿಜೆ ಹಾಡುಗಳಲ್ಲಿ ಕೆಲವಕ್ಕೆ ಎರಡರ್ಥವಿರುತ್ತದೆ. ಕನ್ನಡ ಮೇಷ್ಟ್ರು ಎದುರಿಗೆ ಪೆನ್ನು ಹಿಡಿದು ಕೂತಿದ್ದರೆ ಹುಡುಗನಿಗೆ ವಚನ ನೆನಪಾಗುತ್ತದೆ, ಭಾವಗೀತೆ ನೆನಪಾಗುತ್ತದೆ. ಹುಡುಗಿಯ ಎದುರಿಗೆ ಅಪರಿಚಿತ ಗಂಡಸು ಕೂತಿದ್ದರೆ ಅವಳಿಗೆ ದೇವರ ಹಾಡು ಬಿಟ್ಟು ಬೇರೇನೂ ನೆನಪಾಗದು. ಉತ್ತರ ಬರುವುದು ಬಾಯಿಂದಾದರೂ ಅದನ್ನು ಅರ್ಧ ಬರೆಸುವುದು ಎದುರಿಗೆ ಕೂತ ಮುಖ.

ಇದನ್ನು ಪತ್ತೆಹಚ್ಚುವ ವಿಧಾನ ನಮ್ಮ ದೇಶದ್ದೇ. ಕಲ್ಕತ್ತೆಯಲ್ಲಿ 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ.ಸಿ. ಮಹಲನೋಬಿಸ್, ಆ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಲು ಹೊರಟರು. ಹೊಲಕ್ಕೆ ಹೋಗಿ ಬರೆದುಕೊಂಡು ಬರುವವರು ತಪ್ಪು ಬರೆದರೆ ತಿಳಿಯುವುದು ಹೇಗೆ? ಅವರು ಮಾದರಿಯನ್ನು ಒಂದರೊಳಗೊಂದು ಹೆಣೆದ ಎರಡು ಭಾಗ ಮಾಡಿ, ಬೇರೆ ಬೇರೆ ತಂಡಗಳಿಗೆ ಕೊಟ್ಟರು. ಎರಡೂ ಒಂದೇ ಸೀಮೆಯ ಹೊಲಗಳು, ಆಯ್ಕೆ ಎರಡರಲ್ಲೂ ಚೀಟಿಯದು. ಹಾಗಿದ್ದೂ ಎರಡು ತಂಡಗಳ ಅಂದಾಜು ದೂರ ದೂರ ಬಂದರೆ ವ್ಯತ್ಯಾಸ ಇರುವುದು ಹೊಲದಲ್ಲಲ್ಲ, ಬರೆದವರಲ್ಲಿ.

ನಮ್ಮ ಪ್ರತಿ ತರಗತಿಯ ಹತ್ತು ಹೆಸರನ್ನೂ ಚೀಟಿ ಎತ್ತಿ ಐದೈದು ಮಾಡೋಣ. ಒಂದು ಐದನ್ನು ವಯಸ್ಸಾದ ಇಬ್ಬರು ಸಂದರ್ಶಕರು, ಒಬ್ಬ ಗಂಡಸು ಒಬ್ಬ ಹೆಂಗಸು, ಕೇಳಲಿ. ಇನ್ನೊಂದು ಐದನ್ನು ಇಪ್ಪತ್ತೆರಡರ ಆಸುಪಾಸಿನ ಇಬ್ಬರು ಕೇಳಲಿ. ಹುಡುಗಿಯರನ್ನು ಎರಡೂ ಕಡೆ ಹೆಣ್ಣುಮಕ್ಕಳೇ ಕೇಳಲಿ. ಹೀಗೆ 280 ಜನರ ಎರಡು ಅರ್ಧಗಳಾಗುತ್ತವೆ. ಬರೀ ಚೀಟಿಯ ಆಟದಿಂದ ಈ ಎರಡರ ನಡುವೆ ಶೇಕಡಾ ಹತ್ತರೊಳಗಿನ ವ್ಯತ್ಯಾಸ ಬರಬಹುದು, ಅದಕ್ಕಿಂತ ಹೆಚ್ಚು ಬರುವುದು ಅಪರೂಪ. ನಿನ್ನೆ ಡಿಜೆ ಹಾಡು ಕೇಳಿದೆ ಎಂದವರು ಎಳೆಯರ ಎದುರಿಗೆ ಶೇಕಡಾ 58, ಹಿರಿಯರ ಎದುರಿಗೆ ಶೇಕಡಾ 39 ಎಂದು ಬಂದರೆ, 19ರ ಈ ಅಂತರ ಹಾಡಿನದಲ್ಲ, ಮುಖದ್ದು.

ಎರಡರಲ್ಲಿ ಯಾವುದು ನಿಜ ಎಂದು ಈ ಲೆಕ್ಕ ಹೇಳುವುದಿಲ್ಲ. ಗೆಳೆಯನ ವಯಸ್ಸಿನವನ ಮುಂದೆ ಕೇಳದ ಡಿಜೆ ಹಾಡನ್ನೂ ಕೇಳಿದೆ ಎಂದು ಜಂಬ ಕೊಚ್ಚಿಕೊಳ್ಳುವವರಿರಬಹುದು. ಫೋನಿನ ಯೂಟ್ಯೂಬಿನಲ್ಲಿ History ತೆರೆದು ನೋಡಿ ಹೇಳಿರಿ ಎಂದು ವಿದ್ಯಾರ್ಥಿಯನ್ನೇ ಕೇಳಿದರೆ ಸ್ವಲ್ಪ ಬೆಳಕು ಬೀಳುತ್ತದೆ. ಪರದೆಯನ್ನು ಅವರೇ ನೋಡಲಿ, ನಾವು ನೋಡುವುದು ಬೇಡ. ಇದಕ್ಕೂ ಮಿತಿಯಿದೆ. ಮನೆಗೊಂದೇ ಫೋನಿದ್ದರೆ ಆ ಇತಿಹಾಸ ಅಣ್ಣನದು, ಅಮ್ಮನ ಧಾರಾವಾಹಿಯದು, ಚಿಕ್ಕ ತಮ್ಮನ ಕಾರ್ಟೂನಿನದು. ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ತುಂಬಿಸಿಕೊಂಡ ಹಾಡು ಯಾವ ಇತಿಹಾಸದಲ್ಲೂ ಬರುವುದಿಲ್ಲ. ಟ್ರ್ಯಾಕ್ಟರಿನದಂತೂ ಬರುವುದೇ ಇಲ್ಲ.

ಒಂದು ಮಾತು ನಡುವೆ. ಬೀಳಗಿಯ ಹೆಸರು ಬಂದಾಗಲೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಅಮೀರಬಾಯಿ ಕರ್ನಾಟಕಿಯವರನ್ನು ತರುವ ಆಸೆ ನನಗೂ ಆಗುತ್ತದೆ. ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ ಹಿಂದಿ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದವರು. ಅವರ ಸಹೋದರಿ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಹೆಸರಾದವರು. ‘ಅಮೀರಬಾಯಿಯವರ ಹಾಡು ಕೇಳಿದ್ದೀರಾ?’ ಎಂದು ಬೀಳಗಿಯ ಹುಡುಗಿಯನ್ನು ಕೇಳಿದರೆ ತನ್ನೂರಿನ ಅಭಿಮಾನಕ್ಕಾದರೂ ಅವಳು ಹೌದೆನ್ನುತ್ತಾಳೆ. ಅಲ್ಲಿಂದಾಚೆಗೆ ಸಮೀಕ್ಷೆ ಪರೀಕ್ಷೆಯಾಗುತ್ತದೆ, ಮುಂದಿನ ಪ್ರಶ್ನೆಗಳಿಗೆಲ್ಲ ಅವಳು ಪಾಸಾಗುವ ಉತ್ತರ ಹುಡುಕುತ್ತಾಳೆ. ಆಸೆ ಬಿಡಲಾಗದಿದ್ದರೆ ಆ ಪ್ರಶ್ನೆಯನ್ನು ಕೊನೆಗೆ ಇಡಬೇಕು. ನಾನು ಕೈಬಿಡುತ್ತೇನೆ.

ಉಳಿದದ್ದು ಯಾವ ತಿಂಗಳಲ್ಲಿ ಮಾಡಬೇಕು ಎಂಬುದು. ಗಣಪತಿ ಹಬ್ಬದ ವಾರದಲ್ಲಿ ಮಾಡಿದರೆ ಎಲ್ಲರ ನಿನ್ನೆಯೂ ಪೆಂಡಾಲಿನದು, ಪರೀಕ್ಷೆಯ ವಾರದಲ್ಲಿ ಮಾಡಿದರೆ ಎಲ್ಲರ ನಿನ್ನೆಯೂ ಮೌನದ್ದು, ಕಬ್ಬಿನ ಹಂಗಾಮಿನಲ್ಲಿ ಮಾಡಿದರೆ ಟ್ರ್ಯಾಕ್ಟರಿನದು. ಎಲ್ಲವನ್ನೂ ತಪ್ಪಿಸಿದ ಶುದ್ಧ ತಿಂಗಳು ಎಂಬುದು ಇಲ್ಲ, ಹುಡುಕಲೂ ಬಾರದು. 56 ತರಗತಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, 28ನ್ನು ಹಂಗಾಮಿನ ನಡುವೆ, ಇನ್ನು 28ನ್ನು ಕಾರ್ಖಾನೆ ನಿಂತ ಮೇಲೆ ಇಟ್ಟುಕೊಂಡರೆ ಹಂಗಾಮಿನ ಪ್ರಭಾವವೇ ಒಂದು ಫಲಿತಾಂಶವಾಗಿ ಕೈಗೆ ಬರುತ್ತದೆ.

ಯಾರಾದರೂ ಈ ಸಮೀಕ್ಷೆಯನ್ನು ನಿಜವಾಗಿ ಕೈಗೆತ್ತಿಕೊಳ್ಳುವುದಾದರೆ ಒಂದು ಕೇಳಿಕೆ. 560ಕ್ಕೆ ಹೋಗುವ ಮೊದಲು ಮಾದರಿಯ ಹೊರಗಿನ ಇಪ್ಪತ್ತು ಜನರ ಮೇಲೆ ಪ್ರಶ್ನೆಪತ್ರಿಕೆಯನ್ನು ಪರೀಕ್ಷಿಸಿ, ಅದನ್ನು ಕಾಲೇಜಿನ ಗ್ರಂಥಾಲಯದಲ್ಲಿ ಮಾಡಬೇಡಿ. ಬನಹಟ್ಟಿಯಲ್ಲಿ ಮಗ್ಗ ನಡೆಯುತ್ತಿರುವ ಮನೆಯಲ್ಲಿ, ಜಮಖಂಡಿಯ ಬಸ್‌ ನಿಲ್ದಾಣದಲ್ಲಿ ಮಾಡಿ. ‘ಈ ಹಾಡು ಹಚ್ಚಿದವರು ಯಾರು?’ ಎಂಬ ಕಲಮಿನಲ್ಲಿ ‘ನಾನು’, ‘ಮನೆಯವರು’, ‘ಗೆಳೆಯರು’, ‘ಗಾಡಿಯವರು’, ‘ಗುಡಿ, ಮಸೀದಿ, ಓಣಿ’ ಎಂದು ಐದು ಮನೆ ಹಾಕಿ, ಆರನೆಯದನ್ನು ಖಾಲಿ ಬಿಡಿ. ಆ ಖಾಲಿ ಮನೆಯಲ್ಲಿ ಅವರು ಏನು ಬರೆಸುತ್ತಾರೋ ಅದನ್ನು ಸೇರಿಸಿಕೊಂಡು ಪ್ರಶ್ನೆಪತ್ರಿಕೆಯನ್ನು ಮತ್ತೆ ಬರೆಯಿರಿ.